‘ಇತ್ತು’, ‘ಇದ್ದಿರಬೇಕು’, ‘ಇರಬೇಕಿತ್ತು’

ಪ್ರಶ್ನೆ: ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಗದ್ಯಭಾಗ ಓದಿ ಉತ್ತರಿಸುವಲ್ಲಿ ಯಾವಾಗ, ಎಲ್ಲಿ, ಎಷ್ಟು ಎಂಬ ಪ್ರಶ್ನೆಗಳು ನನಗೆ ಕಷ್ಟವಲ್ಲ. ‘ಈ ವಿಷಯದಲ್ಲಿ ಲೇಖಕರ ಧೋರಣೆ ಏನು?’ ಎಂದು ಕೇಳಿದರೆ ಮಾತ್ರ ಪ್ರತಿಸಲ ತಪ್ಪುತ್ತೇನೆ. ಮೊನ್ನೆಯ ಅಭ್ಯಾಸ ಪರೀಕ್ಷೆಯಲ್ಲಿ ಈ ಸಾಲುಗಳಿದ್ದವು: ‘ಕಾಲುವೆಯ ಕೊನೆಯ ಹಳ್ಳಿಗೂ ಈ ಬೇಸಿಗೆಯೊಳಗೆ ನೀರು ಮುಟ್ಟುತ್ತದಂತೆ. ಹೋದ ಬೇಸಿಗೆಯಲ್ಲೂ ಇದೇ ಮಾತು ಕೇಳಿದ್ದೆವು.’ ಎರಡೂ ವಾಕ್ಯಗಳಲ್ಲಿ ಇರುವುದು ಬರೀ ಸಂಗತಿ ಎಂದುಕೊಂಡು ನಾನು ‘ತಟಸ್ಥ’ ಎಂದು ಗುರುತಿಸಿದೆ. ಸರಿಯುತ್ತರ ‘ಸಂಶಯ’ ಎಂದಿತ್ತು. ವಾಸ್ತವ ಯಾವುದು, ಅಭಿಪ್ರಾಯ ಯಾವುದು, ನಾವು ಊಹಿಸಿಕೊಳ್ಳಬೇಕಾದದ್ದು ಯಾವುದು ಎಂದು ಬೇರ್ಪಡಿಸುವುದು ಹೇಗೆ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಕಾಲುವೆಯ ಸಾಲುಗಳಿಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು ಮೂರು ಪುಟ್ಟ ವಾಕ್ಯಗಳನ್ನು ಬಾಯಿಬಿಟ್ಟು ಓದಿ. ‘ಇಲ್ಲೊಂದು ಕೆರೆ ಇತ್ತು.’ ‘ಇಲ್ಲೊಂದು ಕೆರೆ ಇದ್ದಿರಬೇಕು.’ ‘ಇಲ್ಲೊಂದು ಕೆರೆ ಇರಬೇಕಿತ್ತು.’

ಕೆರೆ ಅದೇ, ಜಾಗ ಅದೇ, ಕ್ರಿಯಾಪದವೂ ‘ಇರು’ ಎಂಬ ಒಂದೇ ಧಾತುವಿನದು. ಆದರೆ ಮೊದಲನೆಯದು ವಾಸ್ತವದ ಹೇಳಿಕೆ. ಎರಡನೆಯದರಲ್ಲಿ ಲೇಖಕರು ಏನೋ ಗುರುತು ಕಂಡು, ಹಳೆಯ ಕಟ್ಟೆಯನ್ನೋ ತೂಬಿನ ಕಲ್ಲನ್ನೋ ನೋಡಿ, ಒಂದು ತೀರ್ಮಾನಕ್ಕೆ ಬಂದಿದ್ದಾರೆ. ಮೂರನೆಯದು ಅವರ ಅಭಿಪ್ರಾಯ: ಕೆರೆ ಇಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಎನ್ನುತ್ತಿದ್ದಾರೆ. ಕನ್ನಡದಲ್ಲಿ ಲೇಖಕರ ಧೋರಣೆಯನ್ನು ಹುಡುಕುವವರು ಮೊದಲು ನೋಡಬೇಕಾದ ಜಾಗ ವಾಕ್ಯದ ಕೊನೆ. ಸಂಗತಿ ವಾಕ್ಯದ ನಡುವೆ ಇರುತ್ತದೆ. ಆ ಸಂಗತಿಯ ಜೊತೆ ಲೇಖಕರಿಗೆ ಇರುವ ಸಂಬಂಧ ಬಹಳ ಸಲ ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಅವಸರದಲ್ಲಿ ಓದುವವರ ಕಣ್ಣು ವಾಕ್ಯದ ತುದಿ ಮುಟ್ಟುವ ಮೊದಲೇ ಮುಂದಿನ ಸಾಲಿಗೆ ಹಾರುತ್ತದೆ. ವಿಷಯದ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿ ಧೋರಣೆಯ ಪ್ರಶ್ನೆಯಲ್ಲಿ ಎಡವುವವರಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಈ ಅಭ್ಯಾಸವನ್ನೇ.

‘ಬೇಕು’ ಎಂಬ ಪದದ ಬಗ್ಗೆ ಎಚ್ಚರವಿರಲಿ. ‘ಹೂಳು ತೆಗೆಯಬೇಕು’ ಎಂದರೆ ಅದು ಲೇಖಕರ ಸಲಹೆ ಅಥವಾ ಒತ್ತಾಯ. ‘ಹೂಳು ತೆಗೆದಿರಬೇಕು’ ಎಂದರೆ ನೀರು ತಿಳಿಯಾಗಿರುವುದನ್ನು ಕಂಡು ಮಾಡಿದ ತರ್ಕ. ಒಂದು ‘ಇರ’ ನಡುವೆ ಬಂದರೆ ಅಭಿಪ್ರಾಯ ಹೋಗಿ ಅನುಮಾನ ಬಂತು. ಅನುಮಾನ ಎಂಬ ಪದವನ್ನು ಇಲ್ಲಿ ತರ್ಕಶಾಸ್ತ್ರದ ಅರ್ಥದಲ್ಲಿ ಬಳಸುತ್ತಿದ್ದೇನೆ. ಆಡುಮಾತಿನಲ್ಲಿ ಅನುಮಾನ ಎಂದರೆ ಶಂಕೆ. ತರ್ಕದಲ್ಲಿ ಅದು ಬೆಟ್ಟದ ಮೇಲೆ ಹೊಗೆ ಕಂಡು, ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು. ಹೊಗೆ ಕಾಣದೆಯೇ ಬೆಂಕಿ ಇದೆ ಎಂದರೆ ಅದು ಬರೀ ಊಹೆ. ಪರೀಕ್ಷೆಯಲ್ಲಿ ನಿಮಗೆ ಅನುಮಾನಕ್ಕೆ ಅವಕಾಶವಿದೆ, ಊಹೆಗೆ ಇಲ್ಲ. ಗದ್ಯಭಾಗದಲ್ಲಿ ಹೊಗೆಯನ್ನು ಬೆರಳಿಟ್ಟು ತೋರಿಸಲು ಆಗಬೇಕು.

ವಾಸ್ತವ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ವಾಸ್ತವದ ಹೇಳಿಕೆ ಎಂದರೆ ನಿಜವಾದ ಹೇಳಿಕೆ ಎಂದು ಹಲವರು ತಿಳಿದಿದ್ದಾರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಜಾಗ ಹಿಂದೆ ಸಂಪಂಗಿ ಕೆರೆಯ ಅಂಗಳವಾಗಿತ್ತು. ಇದು ವಾಸ್ತವದ ಹೇಳಿಕೆ, ನಿಜವೂ ಹೌದು. ಯಾರಾದರೂ ‘ಅಲ್ಲಿ ಯಾವತ್ತೂ ಕೆರೆ ಇರಲಿಲ್ಲ’ ಎಂದು ಬರೆದರೆ ಅದು ತಪ್ಪು. ಆದರೆ ಅದೂ ವಾಸ್ತವದ ಹೇಳಿಕೆಯ ಜಾತಿಗೇ ಸೇರುತ್ತದೆ, ಏಕೆಂದರೆ ಹಳೆಯ ನಕ್ಷೆ ತೆಗೆದು ಸರಿಯೋ ತಪ್ಪೋ ಎಂದು ತೀರ್ಮಾನಿಸಬಹುದು. ‘ಕೆರೆಗಿಂತ ಕ್ರೀಡಾಂಗಣವೇ ಊರಿಗೆ ಹೆಚ್ಚು ಉಪಯೋಗಿ’ ಎಂಬ ಮಾತನ್ನು ಯಾವ ನಕ್ಷೆಯೂ ತೀರ್ಮಾನಿಸಲಾರದು. ನೀವು ಅದನ್ನು ಮನಸಾರೆ ಒಪ್ಪಬಹುದು, ಹತ್ತು ಮಂದಿ ತಜ್ಞರೂ ಒಪ್ಪಬಹುದು. ಆಗಲೂ ಅದು ಅಭಿಪ್ರಾಯವೇ. ಆದ್ದರಿಂದ ‘ಇದು ನಿಜವೇ?’ ಎಂದು ಕೇಳಿಕೊಳ್ಳುವ ಬದಲು ‘ಇದನ್ನು ಯಾವ ದಾಖಲೆ ನೋಡಿ ಪರಿಶೀಲಿಸಬಹುದು?’ ಎಂದು ಕೇಳಿಕೊಳ್ಳಿ.

ಈಗ ಒಂದು ಗದ್ಯಭಾಗವನ್ನು ಜೊತೆಯಾಗಿ ಓದೋಣ. ಈ ಉತ್ತರಕ್ಕೆಂದು ನಾನೇ ಬರೆದದ್ದು ಇದು.

‘ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇತ್ತು. ಪೇಟೆಯ ಜನ ನೀರಿಗೆ ಇದನ್ನು ನೆಚ್ಚಿಕೊಂಡಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಊರಿಗೆ ಕೊಳವೆಯಲ್ಲಿ ನೀರು ಬಂತು. ದೂರದ ನೀರು ಹತ್ತಿರವಾದ ಮೇಲೆ ಹತ್ತಿರದ ಕೆರೆಯ ಮೇಲಿನ ಕಾಳಜಿ ಕರಗಿರಬೇಕು. ಬತ್ತಿದ ಅಂಗಳದಲ್ಲಿ ಸಭೆಗಳು ನಡೆದವು. ಕೊನೆಗೆ ಬಸ್ ನಿಲ್ದಾಣ ಎದ್ದಿತು. ಬೆಳೆಯುತ್ತಿದ್ದ ಊರಿಗೆ ನಡುಮಧ್ಯದಲ್ಲಿ ಒಂದು ನಿಲ್ದಾಣ ಬೇಕೇ ಇತ್ತು, ಅದನ್ನು ಅಲ್ಲಗಳೆಯಲಾಗದು. ಕೆರೆ ಉಳಿದಿದ್ದರೂ ಕೊಳಚೆಗುಂಡಿಯಾಗುತ್ತಿತ್ತು ಎನ್ನುವವರೂ ಇದ್ದಾರೆ. ಆದರೆ ನಿಲ್ದಾಣಕ್ಕೆ ಆ ಕೆರೆಯ ಹೆಸರನ್ನಾದರೂ ಇಡಬಹುದಿತ್ತು. ಅಲ್ಲಿ ದಿನವೂ ಬಸ್ಸು ಹತ್ತುವವರಲ್ಲಿ ಎಷ್ಟು ಮಂದಿಗೆ ತಾವು ಕೆರೆಯಂಗಳದಲ್ಲಿ ನಿಂತಿದ್ದೇವೆಂದು ಗೊತ್ತು?’

ಪ್ರಶ್ನೆ: ಕೆರೆಯ ಜಾಗದಲ್ಲಿ ನಿಲ್ದಾಣ ಬಂದುದರ ಬಗ್ಗೆ ಲೇಖಕರ ಧೋರಣೆ ಯಾವುದು?

ಅ) ಕೆರೆಯನ್ನು ಕಳೆದವರ ಮೇಲೆ ಆಕ್ರೋಶ.
ಆ) ಕೆರೆ ಹೇಗೂ ಕೊಳಚೆಯಾಗುತ್ತಿತ್ತು, ಆದ್ದರಿಂದ ಆದದ್ದು ಒಳ್ಳೆಯದೇ ಎಂಬ ಸಮಾಧಾನ.
ಇ) ಹೆಸರಘಟ್ಟದ ನೀರು ಬಂದ ಮೇಲೆ ಆ ಜಾಗದ ಬಳಕೆ ಬದಲಾಯಿತು.
ಈ) ನಿಲ್ದಾಣದ ಅಗತ್ಯವನ್ನು ಒಪ್ಪಿಕೊಂಡೇ, ಕೆರೆಯ ನೆನಪು ಅಳಿದುದಕ್ಕೆ ವಿಷಾದ.

ಅನೇಕರು ಗದ್ಯಭಾಗ ಓದಿದ ಕೂಡಲೇ ಆಯ್ಕೆಗಳಿಗೆ ಹೋಗಿ, ಯಾವುದು ಹೊಂದುತ್ತದೆ ಎಂದು ನೋಡುತ್ತಾರೆ. ಹಾಗೆ ನೋಡಿದರೆ ನಾಲ್ಕೂ ಅಷ್ಟಿಷ್ಟು ಹೊಂದುತ್ತವೆ, ಪ್ರಶ್ನೆ ತಯಾರಿಸುವವರ ಶ್ರಮವೆಲ್ಲ ಅದಕ್ಕಾಗಿಯೇ. ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿ, ಮೊದಲು ವಾಕ್ಯದ ಬಾಲಗಳನ್ನು ಮಾತ್ರ ಓದುತ್ತ ಹೋಗಿ. ‘ಇತ್ತು’, ‘ನೆಚ್ಚಿಕೊಂಡಿದ್ದರು’, ‘ಬಂತು’: ಮೂರೂ ವಾಸ್ತವದ ಹೇಳಿಕೆಗಳು. ‘ಕರಗಿರಬೇಕು’: ಇಲ್ಲಿ ಲೇಖಕರು ನೆಲ ಬಿಟ್ಟು ಒಂದು ಮೆಟ್ಟಿಲು ಮೇಲೆ ಹತ್ತಿದರು. ನೀರು ಬಂದದ್ದು ದಾಖಲೆ, ಕಾಳಜಿ ಕರಗಿದ್ದು ಅವರ ತರ್ಕ. ‘ನಡೆದವು’, ‘ಎದ್ದಿತು’: ಮತ್ತೆ ನೆಲಕ್ಕೆ ಇಳಿದರು. ‘ಬೇಕೇ ಇತ್ತು’, ‘ಅಲ್ಲಗಳೆಯಲಾಗದು’: ಇದು ಅವರ ಅಭಿಪ್ರಾಯ, ನಿಲ್ದಾಣದ ಪರವಾಗಿ. ‘ಎನ್ನುವವರೂ ಇದ್ದಾರೆ’: ಇದು ಬೇರೆಯವರ ಅಭಿಪ್ರಾಯ. ‘ಇಡಬಹುದಿತ್ತು’: ಮತ್ತೆ ಅವರದೇ ಅಭಿಪ್ರಾಯ, ಈ ಸಲ ಒಂದು ಕೊರತೆಯ ಕಡೆಗೆ. ಕೊನೆಯದು ಪ್ರಶ್ನೆಯ ರೂಪದಲ್ಲಿದೆ, ಆದರೆ ಅಲ್ಲಿ ಯಾರ ಉತ್ತರಕ್ಕೂ ಕಾಯುತ್ತಿಲ್ಲ. ‘ಹೆಚ್ಚಿನವರಿಗೆ ಗೊತ್ತಿಲ್ಲ’ ಎಂಬ ನೋವನ್ನು ಹೇಳುವ ರೀತಿ ಅದು.

ಇಷ್ಟಾದ ಮೇಲೆ ಕೈ ತೆಗೆದು ಆಯ್ಕೆಗಳನ್ನು ನೋಡಿ. ‘ಇ’ ಗದ್ಯಭಾಗದಲ್ಲಿ ಇರುವ ಸಂಗತಿಯೇ. ಆದರೆ ಕೇಳಿದ್ದು ಧೋರಣೆ, ಕೊಟ್ಟದ್ದು ಘಟನೆ. ವಿಷಯದ ಪ್ರಶ್ನೆಗಳಲ್ಲಿ ಪಳಗಿದವರನ್ನು ಸೆಳೆಯಲೆಂದೇ ಇಂಥದ್ದೊಂದನ್ನು ಇಡುತ್ತಾರೆ, ಏಕೆಂದರೆ ಅದನ್ನು ಬೆರಳಿಟ್ಟು ತೋರಿಸಬಹುದು, ಧೈರ್ಯ ಬರುತ್ತದೆ. ‘ಆ’ ಕೂಡ ಗದ್ಯಭಾಗದಿಂದಲೇ ಬಂದದ್ದು, ಆದರೆ ಅದರ ಒಡೆಯರು ಬೇರೆ. ‘ಎನ್ನುವವರೂ ಇದ್ದಾರೆ’ ಎಂದು ಹೇಳಿ ಲೇಖಕರು ಆ ಮಾತನ್ನು ಇನ್ನೊಬ್ಬರ ಬಾಯಿಗೆ ಇಟ್ಟಿದ್ದಾರೆ. ಮುಂದಿನ ವಾಕ್ಯವೇ ‘ಆದರೆ’ ಎಂದು ಶುರುವಾಗುತ್ತದೆ. ‘ಎನ್ನುತ್ತಾರೆ’, ‘ಎನ್ನಲಾಗಿದೆ’, ‘ಎಂಬ ವಾದವಿದೆ’ ಎಂದು ಬಂದಲ್ಲೆಲ್ಲ ಯಾರು ಮಾತನಾಡುತ್ತಿದ್ದಾರೆ ಎಂದು ಅಂಚಿನಲ್ಲಿ ಒಂದು ಗುರುತು ಹಾಕಿಕೊಂಡರೆ ಈ ಬಗೆಯ ತಪ್ಪು ಬಹುಪಾಲು ನಿಲ್ಲುತ್ತದೆ.

‘ಅ’ ಇನ್ನೊಂದು ಬಗೆಯ ಬಲೆ. ದಿಕ್ಕು ಸರಿ, ಅಳತೆ ತಪ್ಪು. ಲೇಖಕರಿಗೆ ಏನೋ ಬೇಸರವಿದೆ ಎಂಬುದು ಹೌದು. ಆದರೆ ಆಕ್ರೋಶಕ್ಕೆ ಒಬ್ಬ ತಪ್ಪಿತಸ್ಥ ಬೇಕು. ಈ ಗದ್ಯಭಾಗದಲ್ಲಿ ಯಾರನ್ನೂ ಹೊಣೆ ಮಾಡಿಲ್ಲ, ‘ನಿಲ್ದಾಣ ಎದ್ದಿತು’ ಎಂದಿದೆಯೇ ಹೊರತು ಇಂಥವರು ಎಬ್ಬಿಸಿದರು ಎಂದಿಲ್ಲ. ಧೋರಣೆಯ ಹೆಸರುಗಳು ಹತ್ತಿರ ಹತ್ತಿರ ಇದ್ದಾಗ ಅವುಗಳ ಒಳಗಿನ ಭೇದ ಹೀಗೆಯೇ ಕಾಣುವುದು. ವಿಷಾದ ಎಂದರೆ ಕಳೆದುಹೋದದ್ದರ ಬಗ್ಗೆ, ಅದನ್ನು ಮರಳಿ ತರಲಾಗದು ಎಂಬ ಅರಿವು ಅದರಲ್ಲಿ ಇರುತ್ತದೆ. ಕಳವಳ ಎಂದರೆ ಮುಂದೆ ಆಗಬಹುದಾದದ್ದರ ಬಗ್ಗೆ. ಆಕ್ಷೇಪ ಎಂದರೆ ಯಾರೋ ಮಾಡಿದ ಒಂದು ಕೆಲಸದ ಬಗ್ಗೆ, ಅದಕ್ಕೆ ಕಾರಣ ಕೊಡಬೇಕಾಗುತ್ತದೆ. ಆಕ್ರೋಶ ಎಂದರೆ ಆಕ್ಷೇಪದ ಬಿಸಿ ಏರಿ, ಕಾರಣಕ್ಕಿಂತ ದೂರು ಜೋರಾದದ್ದು. ಗದ್ಯಭಾಗ ಹಿಂದೆ ನೋಡುತ್ತಿದೆಯೋ ಮುಂದೆ ನೋಡುತ್ತಿದೆಯೋ, ಯಾರನ್ನಾದರೂ ಕಟಕಟೆಗೆ ಕರೆಯುತ್ತಿದೆಯೋ ಇಲ್ಲವೋ ಎಂದು ನೋಡಿದರೆ ನಾಲ್ಕರಲ್ಲಿ ಮೂರು ಪದಗಳು ತಾವಾಗಿ ಉದುರುತ್ತವೆ. ಇಲ್ಲಿ ಉಳಿಯುವುದು ವಿಷಾದ. ಅಗತ್ಯವನ್ನು ಒಪ್ಪಿಕೊಂಡ ವಾಕ್ಯವೂ ಇರುವುದರಿಂದ ಉತ್ತರ ‘ಈ’.

ಇದೇ ಗದ್ಯಭಾಗದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರು ಎಂದುಕೊಳ್ಳಿ: ‘ಆ ಜಾಗದಲ್ಲಿ ಮತ್ತೆ ಕೆರೆಯಾಗಬೇಕು ಎಂದು ಲೇಖಕರು ಬಯಸುತ್ತಾರೆ. ಹೌದೋ ಅಲ್ಲವೋ?’ ಇಷ್ಟೆಲ್ಲ ಕೆರೆಯ ಪರವಾಗಿ ಬರೆದವರು ಬಯಸದೆ ಇರುತ್ತಾರೆಯೇ ಎಂದು ನಮಗೆ ಅನ್ನಿಸುತ್ತದೆ. ಆದರೆ ಗದ್ಯಭಾಗದಲ್ಲಿ ಅಂಥ ಮಾತು ಇಲ್ಲ, ಅದಕ್ಕೆ ವಿರುದ್ಧವಾದ ಮಾತೂ ಇಲ್ಲ. ಹೊರದೇಶಕ್ಕೆ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಇದಕ್ಕೆಂದೇ ಮೂರನೆಯ ಉತ್ತರವೊಂದಿದೆ: ‘ಹೇಳಿಲ್ಲ’. ಅಲ್ಲಿ ಸಂಗತಿಗಳ ಬಗ್ಗೆ ಕೇಳುವಾಗ ‘ಸರಿ, ತಪ್ಪು, ಹೇಳಿಲ್ಲ’ ಎಂದೂ ಲೇಖಕರ ಅಭಿಪ್ರಾಯದ ಬಗ್ಗೆ ಕೇಳುವಾಗ ‘ಹೌದು, ಅಲ್ಲ, ಹೇಳಿಲ್ಲ’ ಎಂದೂ ಎರಡು ಬೇರೆ ಬೇರೆ ಬಗೆಯ ಪ್ರಶ್ನೆಗಳನ್ನೇ ಮಾಡಿದ್ದಾರೆ. ನೀವು ಆ ಪರೀಕ್ಷೆ ಬರೆಯದಿದ್ದರೂ ಈ ಮೂರನೆಯ ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಲೇಖಕರು ಅಲ್ಲಗಳೆದದ್ದು ಬೇರೆ, ಅವರು ಮಾತೇ ಎತ್ತದೆ ಬಿಟ್ಟದ್ದು ಬೇರೆ. ನಾವು ಪ್ರೀತಿಸುವ ವಿಷಯದ ಮೇಲೆ ಗದ್ಯಭಾಗ ಬಂದಾಗ ಈ ತಪ್ಪು ಹೆಚ್ಚು. ಲೇಖಕರು ಬಿಟ್ಟ ಜಾಗವನ್ನು ನಮ್ಮ ಅಭಿಪ್ರಾಯದಿಂದ ತುಂಬಿ, ಅದನ್ನು ಅವರ ಹೆಸರಿನಲ್ಲಿ ಬರೆಯುತ್ತೇವೆ.

ಬಾಲ ನೋಡಿದರೂ ಗೊತ್ತಾಗದಷ್ಟು ನಯವಾಗಿ ಧೋರಣೆ ಬೆರೆತಿರುವ ವಾಕ್ಯಗಳೂ ಇರುತ್ತವೆ. ಅಂಥಲ್ಲಿ ನಾನು ಮಾಡುವ ಒಂದು ಕೆಲಸವಿದೆ. ಆ ವಾಕ್ಯವನ್ನು ಉಪ್ಪು ಖಾರ ತೆಗೆದು ಸಪ್ಪೆ ಮಾಡಿ ಬರೆದು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತೇನೆ. ‘ಕೆರೆಯಂಗಳದಲ್ಲಿ ನಿಲ್ದಾಣ ಕಟ್ಟಿದರು’ ಎಂಬುದು ಸಪ್ಪೆ ವಾಕ್ಯ. ಮೂಲದಲ್ಲಿ ‘ಕಟ್ಟಿಬಿಟ್ಟರು’ ಎಂದಿದ್ದರೆ ಆ ‘ಬಿಟ್ಟರು’ ಎಲ್ಲಿಂದ ಬಂತು? ಇನ್ನು ತಿದ್ದಲಾಗದು ಎಂಬ ಭಾವವನ್ನು ಲೇಖಕರು ಸೇರಿಸಿದ್ದಾರೆ. ‘ಕಟ್ಟಿಕೊಟ್ಟರು’ ಎಂದಿದ್ದರೆ ಅದು ಉಪಕಾರ, ಜನರಿಗೆ ಸಿಕ್ಕಿದ ಒಳಿತು. ‘ಮರ ಕಡಿದರು’ ಮತ್ತು ‘ಮರ ಕಡಿದುಹಾಕಿದರು’ ಇವುಗಳ ನಡುವೆ ಒಂದು ಮರದಷ್ಟೂ ಲೆಕ್ಕ ಬದಲಾಗಿಲ್ಲ, ಬದಲಾದದ್ದು ಬರೆದವರ ಮನಸ್ಸು. ಸಂಖ್ಯೆಗಳಿಗೂ ಹೀಗೆಯೇ. ‘ಆ ಊರಿಗೆ ದಿನಕ್ಕೆ 4 ಬಸ್ಸು’ ಎಂಬುದು ಸಂಗತಿ. ‘4 ಬಸ್ಸು ಮಾತ್ರ’ ಎಂದರೆ ಕೊರತೆ. ‘4 ಬಸ್ಸುಗಳಿವೆ, ಇನ್ನೇನು ಬೇಕು’ ಎಂದರೆ ತೃಪ್ತಿ. ನಾಲ್ಕು ಎಂಬುದು ಮೂರರಲ್ಲೂ ಪರಿಶೀಲಿಸಬಹುದಾದ ವಾಸ್ತವ. ಹಾಗಾಗಿ ಒಂದೇ ವಾಕ್ಯದಲ್ಲಿ ವಾಸ್ತವವೂ ಅಭಿಪ್ರಾಯವೂ ಇರಬಹುದು. ಇಡೀ ವಾಕ್ಯಕ್ಕೆ ಒಂದೇ ಹಣೆಪಟ್ಟಿ ಹಚ್ಚಲು ಹೋಗಬೇಡಿ, ಯಾವ ಪದ ಯಾವ ಕೆಲಸ ಮಾಡುತ್ತಿದೆ ಎಂದು ನೋಡಿ.

ಈ ಗುರುತುಗಳನ್ನು ಬಾಯಿಪಾಠ ಮಾಡಿದರೆ ಮಾತ್ರ ಸಾಲದು. ‘ಬಿಡು’ ಸೇರಿದಲ್ಲೆಲ್ಲ ವಿಷಾದ ಎಂದು ಬರೆದುಕೊಂಡರೆ ‘ಅಂತೂ ಸಾಲ ತೀರಿಸಿಬಿಟ್ಟೆ’ ಎಂಬ ನಿರಾಳ ವಾಕ್ಯದಲ್ಲಿ ಸಿಕ್ಕಿಬೀಳುತ್ತೀರಿ. ಶಾಲೆಯಲ್ಲಿ ಕಲಿತ ಸಂಭಾವನಾರ್ಥಕ ರೂಪವನ್ನೂ ನೆನಪಿಸಿಕೊಳ್ಳಿ. ‘ಮಳೆ ಬಂದೀತು’ ಎಂಬುದು ಬರಗಾಲದ ಬರಹದಲ್ಲಿ ಆಸೆ, ಒಕ್ಕಣೆಯ ಕಣದ ಬರಹದಲ್ಲಿ ಭಯ. ರೂಪ ನಮಗೆ ತಿಳಿಸುವುದು ಇಷ್ಟೇ: ಇದು ಆದ ಸಂಗತಿಯಲ್ಲ, ಲೇಖಕರು ಸಾಧ್ಯತೆಯೊಂದನ್ನು ಎದುರಿಗೆ ಇಟ್ಟುಕೊಂಡಿದ್ದಾರೆ. ಅದು ಅವರಿಗೆ ಬೇಕಾದದ್ದೋ ಬೇಡವಾದದ್ದೋ ಎಂಬುದಕ್ಕೆ ಅಕ್ಕಪಕ್ಕದ ವಾಕ್ಯಗಳನ್ನೇ ಕೇಳಬೇಕು.

ಎಲ್ಲಕ್ಕಿಂತ ಕಷ್ಟದ್ದು ಒಂದೂ ಗುರುತಿಲ್ಲದ ಗದ್ಯಭಾಗ. ‘ಸಭೆಯನ್ನು 11 ಗಂಟೆಗೆ ಕರೆಯಲಾಗಿತ್ತು. ರೈತರು 10 ಗಂಟೆಗೆ ಬಂದು ಕೂತಿದ್ದರು. ಅಧ್ಯಕ್ಷರು 12.40ಕ್ಕೆ ಬಂದರು. 12.50ಕ್ಕೆ ಸಭೆ ಮುಗಿಯಿತು.’ ಇಲ್ಲಿ ‘ಬಹುದಿತ್ತು’ ಇಲ್ಲ, ‘ಮಾತ್ರ’ ಇಲ್ಲ, ಯಾರ ಬಗ್ಗೆಯೂ ವಿಶೇಷಣವಿಲ್ಲ. ನಾಲ್ಕೂ ಪರಿಶೀಲಿಸಬಹುದಾದ ಸಂಗತಿಗಳು. ಆದರೂ ಓದಿ ಮುಗಿಸಿದಾಗ ನಮಗೆ ಅಧ್ಯಕ್ಷರ ಮೇಲೆ ಬೇಸರ ಬರುತ್ತದೆ, ಅದು ಬರುವಂತೆ ಯಾರೋ ಜೋಡಿಸಿದ್ದಾರೆ. ನೂರು ಸಂಗತಿಗಳಲ್ಲಿ ಈ ನಾಲ್ಕನ್ನೇ ಆರಿಸಿ, ಗಂಟೆಗಳನ್ನು ಹೀಗೆ ಸಾಲಾಗಿ ನಿಲ್ಲಿಸಿದ್ದೇ ಲೇಖಕರ ಧೋರಣೆ. ಇಂಥಲ್ಲಿ ಪ್ರಶ್ನೆಯನ್ನು ಕೇಳಿದ ರೀತಿಯನ್ನು ಎರಡು ಸಲ ಓದಬೇಕು. ‘ಲೇಖಕರು ಏನು ಹೇಳಿದ್ದಾರೆ?’ ಎಂದು ಕೇಳಿದ್ದರೆ ಅಧ್ಯಕ್ಷರು ಬೇಜವಾಬ್ದಾರಿಯವರು ಎಂಬ ಆಯ್ಕೆ ತಪ್ಪು, ಅವರು ಹಾಗೆ ಹೇಳಿಲ್ಲ. ‘ಲೇಖಕರ ಧೋರಣೆ ಏನೆಂದು ಅನುಮಾನಿಸಬಹುದು?’ ಎಂದು ಕೇಳಿದ್ದರೆ ‘ಸಭೆ ನಡೆದ ರೀತಿಯ ಬಗ್ಗೆ ಅಸಮಾಧಾನ’ ಎಂಬುದು ಸರಿ. ಇಂಥ ಗದ್ಯಭಾಗಕ್ಕೆ ನಾನು ಎರಡು ಆಯ್ಕೆಗಳ ನಡುವೆ ತೊಳಲಾಡಿದರೆ ಮೆಲುದನಿಯದನ್ನೇ ಆರಿಸುತ್ತೇನೆ. ಮಾತಿನಲ್ಲಿ ಹೇಳದೆ ಜೋಡಣೆಯಲ್ಲಿ ಹೇಳಿದವರ ಬಾಯಿಂದ ‘ತಿರಸ್ಕಾರ’ದಂಥ ದೊಡ್ಡ ಪದ ಹೊರಡಿಸಲು ನಮ್ಮ ಬಳಿ ಸಾಕ್ಷಿ ಇರುವುದಿಲ್ಲ.

ಈಗ ನಿಮ್ಮ ಕಾಲುವೆಗೆ ಬರೋಣ. ‘ನೀರು ಮುಟ್ಟುತ್ತದಂತೆ’ ಎಂಬಲ್ಲಿನ ‘ಅಂತೆ’ ಅಪನಂಬಿಕೆಯ ಗುರುತು ಎಂದು ಯಾರಾದರೂ ವಿವರಿಸಿದ್ದರೆ ಅದನ್ನು ಪೂರ್ತಿ ಒಪ್ಪಬೇಡಿ. ‘ಅಕ್ಕನಿಗೆ ಮಗು ಹುಟ್ಟಿತಂತೆ’ ಎಂದು ಸಂತೋಷದಿಂದ ಹೇಳುವವರು ಏನನ್ನೂ ಶಂಕಿಸುತ್ತಿಲ್ಲ. ‘ಅಂತೆ’ ಎಂಬುದು ‘ನಾನು ಕಂಡದ್ದಲ್ಲ, ಕೇಳಿದ್ದು’ ಎನ್ನುತ್ತದೆ, ಅಷ್ಟೇ. ಮಾತಿನ ಹೊಣೆಯನ್ನು ಲೇಖಕರು ತಮ್ಮ ಹೆಗಲಿನಿಂದ ಇಳಿಸಿದರು. ಇಳಿಸಿದ್ದು ಯಾಕೆ ಎಂಬುದು ಇನ್ನೂ ಗೊತ್ತಿಲ್ಲ. ಅಲ್ಲಿಗೇ ಗದ್ಯಭಾಗ ಮುಗಿದಿದ್ದರೆ ‘ತಟಸ್ಥ’ ಎಂದು ಗುರುತಿಸಿದ ನಿಮ್ಮನ್ನು ನಾನು ತಪ್ಪೆನ್ನುತ್ತಿರಲಿಲ್ಲ.

ಆಮೇಲೆ ‘ಹೋದ ಬೇಸಿಗೆಯಲ್ಲೂ ಇದೇ ಮಾತು ಕೇಳಿದ್ದೆವು’ ಎಂಬ ವಾಕ್ಯ ಬರುತ್ತದೆ. ನೀವು ಹೇಳಿದಂತೆ ಇದು ಸಂಗತಿಯೇ, ಹೋದ ವರ್ಷ ಅಂಥ ಮಾತು ಬಂದಿತ್ತೋ ಇಲ್ಲವೋ ಎಂದು ವಿಚಾರಿಸಬಹುದು. ಆದರೆ ಇದನ್ನು ಸಪ್ಪೆ ಮಾಡಿ ನೋಡಿ: ‘ಹೋದ ಬೇಸಿಗೆಯಲ್ಲಿ ಈ ಮಾತು ಕೇಳಿದ್ದೆವು.’ ಏನು ಹೋಯಿತು? ‘ಬೇಸಿಗೆಯಲ್ಲೂ’ ಎಂಬಲ್ಲಿನ ‘ಊ’ ಹೋಯಿತು, ‘ಇದೇ’ ಎಂಬಲ್ಲಿನ ‘ಏ’ ಹೋಯಿತು. ಆ ಎರಡು ಸ್ವರಗಳು ಸೇರಿ, ಭರವಸೆ ಹಳೆಯದು, ಪದಗಳೂ ಬದಲಾಗಿಲ್ಲ ಎನ್ನುತ್ತಿದ್ದವು. ಇನ್ನೊಂದು ಹೊಗೆಯೂ ಇದೆ. ಹೋದ ಬೇಸಿಗೆಯಲ್ಲಿ ನೀರು ನಿಜವಾಗಿ ಮುಟ್ಟಿದ್ದರೆ ಈ ಬೇಸಿಗೆಯಲ್ಲಿ ಅದೇ ಮಾತನ್ನು ಮತ್ತೆ ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ನೀರು ಮುಟ್ಟಲಿಲ್ಲ ಎಂದು ಲೇಖಕರು ಎಲ್ಲಿಯೂ ಬರೆದಿಲ್ಲ, ಅದು ನೀವು ಮಾಡಬೇಕಾದ ಅನುಮಾನ. ಆ ಅನುಮಾನದ ಬೆಳಕಿನಲ್ಲಿ ಹಿಂದಿನ ‘ಅಂತೆ’ಯನ್ನು ಮತ್ತೊಮ್ಮೆ ಓದಿದರೆ, ಹೊಣೆ ಇಳಿಸಿದ್ದು ಯಾಕೆ ಎಂದು ತಿಳಿಯುತ್ತದೆ. ಉತ್ತರ ‘ಸಂಶಯ’ವೇ ಸರಿ. ‘ನಿರಾಶೆ’ ಎಂಬ ಆಯ್ಕೆಯೂ ಅಲ್ಲಿ ಇದ್ದಿದ್ದರೆ ಅದನ್ನು ಬಿಡಬೇಕಾಗುತ್ತಿತ್ತು, ಏಕೆಂದರೆ ಈ ಬೇಸಿಗೆ ಇನ್ನೂ ಮುಗಿದಿಲ್ಲ.